ಎಂಟು ಶನಿವಾರದ ಸೊನ್ನೆ

ಕಣ್ಣು ಮುಚ್ಚಿ ಸಹಿ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ. ಪ್ರತಿ ಶನಿವಾರ ಸಂಜೆ ಐದಕ್ಕೆ ನಮ್ಮ ಕಾರ್ಯದರ್ಶಿ ಗುರುಸ್ವಾಮಿಯವರು ಉದ್ದನೆಯ ರಿಜಿಸ್ಟರೊಂದನ್ನು ತಂದು ನನ್ನ ಮೂಗಿನ ಕೆಳಗೆ ಹಿಡಿಯುವರು. ಐದೂವರೆಗೆ ಹುಣಸೂರಿನ ಬಸ್ಸು. ಅವರು ಬೆರಳಿಟ್ಟ ಕಡೆ ‘ಪ್ರಮೀಳಾ’ ಎಂದು ಗೀಚಿ, ಚೀಲ ಹೆಗಲಿಗೆ ಹಾಕಿಕೊಂಡು ನಾನು ಓಟ. ಆ ಸಾಲಿನಲ್ಲಿ ಏನು ಬರೆದಿದ್ದಾರೆ ಎಂದು ಒಂದು ದಿನವೂ ನೋಡಲಿಲ್ಲ. ಅಂಥದ್ದೊಂದು ರಿಜಿಸ್ಟರು ಇರುವುದೇ ನನಗೆ ಸಿಟ್ಟಿನ ವಿಷಯವಾಗಿತ್ತು.

ಇದು ೨೦೦೭ರ ಮಾತು. ಪಾಲಿಟೆಕ್ನಿಕ್ ಮುಗಿಸಿದ ನನ್ನನ್ನು ಹೊಗೆಸೊಪ್ಪು ಬೆಳೆಗಾರರ ಸಂಘದವರು ಕಂಪ್ಯೂಟರಿಗೆಂದು ಕರೆದಿದ್ದರು. ಸಂಘದ ಕೆಲಸ ದೊಡ್ಡದೇನಲ್ಲ. ಯಾವ ರೈತ ಹರಾಜಿಗೆ ತನ್ನ ಸೊಪ್ಪಿನ ಹೊರೆಗಳನ್ನು, ಅಂದರೆ ಬೇಲುಗಳನ್ನು, ಯಾವ ಸುತ್ತಿನಲ್ಲಿ ತರಬೇಕು ಎಂಬ ಸರದಿ ಪಟ್ಟಿ ಮಾಡಿ ಹರಾಜು ಕಟ್ಟೆಗೆ ಕಳಿಸುವುದು. ಹಿಂದೆ ಆ ಪಟ್ಟಿ ಅಧ್ಯಕ್ಷ ಜವರಯ್ಯನವರ ಜೇಬಿನಲ್ಲಿ ಹುಟ್ಟಿ ಅಲ್ಲೇ ಬೆಳೆಯುತ್ತಿತ್ತು. ಅವರ ಬೀದಿಯವರಿಗೆ ಮೊದಲ ಸುತ್ತು, ದೂರದ ಊರಿನವರಿಗೆ ಸಂಕ್ರಾಂತಿ ಕಳೆದ ಮೇಲೆ. ಅಧ್ಯಕ್ಷರಾಗಿ ಅವರೇ ಉಳಿದರೂ ಹೊಸ ಕಮಿಟಿ ಬಂದು, ಯಾರಿಗೆ ಯಾವ ಸುತ್ತು ಬೇಕೋ ಅವರೇ ಕೇಳಲಿ, ಮೊದಲು ಕೇಳಿದವರಿಗೆ ಮೊದಲು ಎಂದು ನಿಯಮ ಮಾಡಿತು. ಆ ನಿಯಮಕ್ಕೆ ತಕ್ಕ ವೆಬ್‌ಸೈಟು ಮಾಡಿದವಳು ನಾನು. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಹಳೇ ಕಂಪ್ಯೂಟರೇ ನಮ್ಮ ಸರ್ವರು. ಅದರ ಡಿಸ್ಕು ಬರೀ ನಾಲ್ಕು ಜಿಬಿ. ಒಂಬತ್ತು ಊರಿನ ಎಸ್‌ಟಿಡಿ ಬೂತುಗಳಲ್ಲಿ ಇಟ್ಟ ಕಂಪ್ಯೂಟರುಗಳು ಬ್ರಾಡ್‌ಬ್ಯಾಂಡಿನಲ್ಲಿ ಅದಕ್ಕೆ ಸೇರಿಕೊಂಡಿದ್ದವು.

ಗುರುಸ್ವಾಮಿಯವರ ವಿಷಯ ಹೇಳಬೇಕು. ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದು ನಿವೃತ್ತರಾದವರು. ಒಂದು ಚೀಟಿ ಎಸೆಯಬೇಕಾದರೂ ಅವರಿಗೆ ಮೇಲಿನವರ ಆದೇಶ ಬೇಕು. ಚಹಾದಂಗಡಿಯವನು ಬಜ್ಜಿ ಕಟ್ಟಿಕೊಟ್ಟ ಕಾಗದವನ್ನೂ ಒಮ್ಮೆ ಓದಿ, ಮಡಿಸಿ, ಆಮೇಲೆ ಬುಟ್ಟಿಗೆ ಹಾಕುವ ಜಾತಿ. ಅಂಥವರಿಗೆ ನಾನು ಬುದ್ಧಿ ಇಲ್ಲದೆ ಒಂದು ದಿನ ಸರ್ವರಿನ ಲಾಗ್ ತೋರಿಸಿಬಿಟ್ಟೆ.

‘ಇದೇನಮ್ಮಾ, ಇಷ್ಟೊಂದು ಸಾಲು ಓಡ್ತಾ ಇದೆ?’ ಎಂದರು.

‘ಯಾರು ಬಂದರು, ಯಾವ ಪುಟ ಕೇಳಿದರು, ಎಷ್ಟು ಗಂಟೆಗೆ ಅಂತ ಸರ್ವರು ತಾನೇ ಬರ್ಕೊಳ್ಳತ್ತೆ ಸಾರ್. ಒಂದು ಸಲ ಕೇಳಿದರೆ ಒಂದು ಸಾಲು.’

‘ಅಂದ್ರೆ ಹಾಜರಿ ಪುಸ್ತಕ.’

‘ಹೂಂ. ಬೆಳೀತಾನೇ ಇರತ್ತೆ. ಬಿಟ್ಟರೆ ಡಿಸ್ಕ್ ತುಂಬಿಹೋಗತ್ತೆ. ಅದಕ್ಕೆ ವಾರಕ್ಕೊಂದು ಸಲ ಹಳೇದನ್ನ ಗಂಟು ಕಟ್ಟಿ ಪಕ್ಕಕ್ಕಿಟ್ಟು, ಹೊಸದು ಶುರು ಮಾಡೋ ಹಾಗೆ ಲಾಗ್‌ರೊಟೇಟ್ ಅಂತ ಒಂದಕ್ಕೆ ಹೇಳಿದ್ದೀನಿ. ನಾಲ್ಕು ವಾರ ಆದ ಮೇಲೆ ತೀರಾ ಹಳೇದನ್ನ ಅದೇ ಅಳಿಸಿಹಾಕತ್ತೆ.’

‘ಅಳಿಸೋದಾ?’ ಗುರುಸ್ವಾಮಿಯವರ ಮುಖ ಸಪ್ಪಗಾಯಿತು. ‘ಯಾರ ಆದೇಶದ ಮೇಲೆ?’

ಅಂದಿನಿಂದ ನನ್ನ ಪಾಡು ನಾಯಿಪಾಡು. ಭಾನುವಾರ ಬೆಳಗಿನ ಜಾವ ಲಾಗ್‌ರೊಟೇಟ್ ಕಟ್ಟಿದ ಗಂಟನ್ನು ಶನಿವಾರ ಸಿಡಿಗೆ ಹಾಕಿ, ಸಿಡಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಆಮೇಲೆ ಡಿಸ್ಕಿನಿಂದ ಅಳಿಸಬೇಕು. ಆ ವಾರದ ಲಾಗಿನಲ್ಲಿ ಎಷ್ಟು ಸಾಲಾಗಿದೆ ಎಂಬುದನ್ನು ಅವರು ಪರದೆ ನೋಡಿ ರಿಜಿಸ್ಟರಿನಲ್ಲಿ ಬರೆಯುವರು. ತಾರೀಖು, ಸಾಲಿನ ಸಂಖ್ಯೆ, ಸಿಡಿ ನಂಬರು, ಸಹಿ, ಕೊನೆಯಲ್ಲಿ ಷರಾ. ದಿನಸಿ ಅಂಗಡಿಯವನು ಗಿರಾಕಿಗಳ ಕೆಮ್ಮನ್ನು ಎಣಿಸಿಟ್ಟುಕೊಂಡಂತೆ ಇದು ಎಂದು ಮನಸ್ಸಿನಲ್ಲೇ ಬೈದುಕೊಂಡು ಸಹಿ ಹಾಕುತ್ತಿದ್ದೆ.

ಸಾಲುಗಳಾದರೂ ಎಷ್ಟು ಅನ್ನುತ್ತೀರಿ. ಸರದಿ ಪುಟ ಯಾವಾಗಲೂ ಹೊಸದಾಗಿ ಕಾಣಲಿ ಎಂದು, ಪ್ರತಿ ಎರಡು ಸೆಕೆಂಡಿಗೊಮ್ಮೆ ಅದು ತಾನೇ ಸರ್ವರನ್ನು ಕೇಳುವಂತೆ ನಾನು ಜಾಣತನ ಮಾಡಿದ್ದೆ. ಒಂಬತ್ತು ಬೂತುಗಳಲ್ಲಿ ಆ ಪುಟ ಬೆಳಗಿನಿಂದ ಸಂಜೆತನಕ ತೆರೆದೇ ಇರುತ್ತಿತ್ತು. ವಾರಕ್ಕೆ ಹದಿಮೂರು ಹದಿನಾಲ್ಕು ಲಕ್ಷ ಸಾಲು. ಮನುಷ್ಯರು ನೋಡಿದ್ದು ಅದರಲ್ಲಿ ನೂರರಲ್ಲೊಂದು ಇದ್ದೀತು.

ಜುಲೈ ತಿಂಗಳಲ್ಲಿ ಸಂಘಕ್ಕೆ ಹೊಸ ಯುಪಿಎಸ್ ಬಂತು. ನಾಲ್ಕು ಬ್ಯಾಟರಿ, ಆರು ಗಂಟೆ ತಡೆಯುತ್ತದೆ. ಅಲ್ಲಿಯವರೆಗೆ ದಿನಕ್ಕೊಮ್ಮೆಯಾದರೂ ಕರೆಂಟು ಹೋಗಿ ಸರ್ವರು ದೊಪ್ಪೆಂದು ಸತ್ತು, ಕರೆಂಟು ಬಂದಾಗ ತಾನೇ ಎದ್ದು ಕೂರುತ್ತಿತ್ತು. ಆ ಹಿಂಸೆ ಇನ್ನಿಲ್ಲ ಎಂದು ನಾನು ಯುಪಿಎಸ್‌ಗೆ ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದೆ. ಅದಾದ ಮೇಲೆ ಶನಿವಾರದ ಸಿಡಿ ಕೆಲಸವೂ ತಪ್ಪಿತು. ಕಟ್ಟಿದ ಗಂಟೇ ಇರುತ್ತಿರಲಿಲ್ಲ. ಯಾಕಿಲ್ಲ ಎಂದು ಕೇಳುವಷ್ಟು ಬುದ್ಧಿಯನ್ನು ದೇವರು ಶನಿವಾರ ಸಂಜೆ ಐದಕ್ಕೆ ನನಗೆ ಕೊಟ್ಟಿರಲಿಲ್ಲ. ಕೆಲಸ ಕಡಿಮೆಯಾಯಿತಲ್ಲ ಎಂದು ಖುಷಿಪಟ್ಟೆ.

ಸೆಪ್ಟೆಂಬರಿನಲ್ಲಿ ಮೊದಲ ಸುತ್ತಿಗೆ ಹೆಸರು ಕೊಡುವ ಕೊನೆಯ ದಿನ ಬಂತು. ಸಂಜೆ ಐದರೊಳಗೆ ಅಚ್ಚಾದ ಪಟ್ಟಿ ಹರಾಜು ಕಟ್ಟೆ ಸೇರಬೇಕು. ಮಧ್ಯಾಹ್ನ ಎರಡಕ್ಕೆ ಬೂತುಗಳಿಂದ ಫೋನು ಶುರುವಾಯಿತು. ಹೆಸರು ಹಾಕಿದರೆ ಸೇವ್ ಆಗುತ್ತಿಲ್ಲ, ಪುಟ ತಿರುಗುತ್ತಾ ಕೂತಿದೆ ಎಂದು ಎಲ್ಲರದೂ ಒಂದೇ ರಾಗ. ನೋಡಿದರೆ ಡಿಸ್ಕು ನೂರಕ್ಕೆ ನೂರು ತುಂಬಿದೆ. ಬರೆಯಲು ಜಾಗವಿಲ್ಲದೆ ಡೇಟಾಬೇಸು ಜಾಗ ಬರಲಿ ಎಂದು ಕಾಯುತ್ತಾ ನಿಂತಿದೆ. ಅಚ್ಚು ಹಾಕಲು ಕೊಟ್ಟರೆ ಅದಕ್ಕೂ ಜಾಗವಿಲ್ಲ.

ಆ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ಕಂಪ್ಯೂಟ್ರವ್ವ ಯಾರು?’ ಎಂದರು.

‘ನಾನೇ. ಏನಾಗ್ಬೇಕಿತ್ತಮ್ಮ?’

‘ನಾನು ಕೆಂಪಾಜಮ್ಮ ಕಣವ್ವ. ನಮ್ಮೂರ ಬೂತ್ನಲ್ಲಿ ಯೆಸ್ರು ಅತ್ತನಿಲ್ಲ. ಅದ್ಕೇ ಬಸ್ಸತ್ಕಂಡು ಬಂದೆ. ಮೊದುಲ್ನೇ ಸುತ್ತಿಗೆ ನನ್ನೆಸ್ರು ಬರ್ಕೊ.’

‘ಸ್ವಲ್ಪ ಕೂತ್ಕೊಳ್ಳಿ. ಇಲ್ಲೂ ನಿಂತುಹೋಗಿದೆ.’

ಕೂತರು. ಸುಮ್ಮನೆ ಕೂರುವವರಲ್ಲ. ಅವರ ಮನೆ ಎರಡು ಅಂಕಣದ್ದು. ಒಂದರಲ್ಲಿ ಒಲೆ, ಇನ್ನೊಂದರಲ್ಲಿ ಗೋಡೆ ಮುಚ್ಚುವಂತೆ ಪೇರಿಸಿಟ್ಟ ಹದಿನಾಲ್ಕು ಬೇಲು. ಮಗಳು ರಮ್ಯಾ ಚೊಚ್ಚಲ ಬಸುರಿ. ಬಾಣಂತನಕ್ಕೆ ಕರೆತರಲು ಇನ್ನು ಹದಿನೈದು ದಿನ. ಇದೆಲ್ಲ ಐದು ನಿಮಿಷದಲ್ಲಿ ನನಗೆ ಗೊತ್ತಾಯಿತು.

‘ಆ ಕ್ವಾಣೆ ಒಳುಕ್ಕೋದ್ರೆ ಗಟ್ಟಿ ಗಂಡಸ್ಗೇ ತಲೆ ತಿರುಗ್ತದೆ, ಅಂಗದೆ ಗಾಟು. ಅಲ್ಲಿ ಅಸುಗೂಸು ಮಲಗ್ಸಕ್ಕಾದದಾ ಏಳು? ಮೊದುಲ್ನೇ ಸುತ್ತಲ್ಲಿ ಬೇಲು ಆಚ್ಗೋದ್ರೆ ಸುಣ್ಣ ಬಳ್ದು ಸಾರ್ಸಿ ಮಡೀಕತೀನಿ. ಇಲ್ದಿದ್ರೆ ಮಗ್ಳ ಕರ್ಕಂಬರಕ್ಕೇ ಆಗಕ್ಕಿಲ್ಲ ಕಣವ್ವ. ಅವ್ರತ್ತೆ ಮನೇಲಿ ಯಾರೂ ನೋಡ್ಕಳರಿಲ್ಲ.’

ಬೇರೆಯವರಿಗೆ ಇದು ಸುತ್ತು, ಪಟ್ಟಿ, ನಂಬರು. ಈಕೆಗೆ ಒಂದು ಕೋಣೆ.

ಅಷ್ಟರಲ್ಲಿ ಜವರಯ್ಯನವರು ಬುಲೆಟ್ ಗುಡುಗಿಸಿಕೊಂಡು ಬಂದರು. ಸುದ್ದಿ ಅವರಿಗೆ ಆಗಲೇ ತಲುಪಿತ್ತು. ಮುಖದಲ್ಲಿ ಚಿಂತೆಗಿಂತ ಸಂತೋಷವೇ ಹೆಚ್ಚಾಗಿತ್ತು ಎಂದು ಹೇಳಿದರೆ ಪಾಪ ಬರುವುದಿಲ್ಲ.

‘ಏನ್ ಮೇಡಮ್ಮೋರೆ, ಮಿಸನ್ನು ಕೈಕೊಡ್ತಂತೆ?’

‘ನೋಡ್ತಾ ಇದ್ದೀನಿ ಸಾರ್.’

‘ನೋಡಿ ನೋಡಿ. ನಾಲ್ಕೂವರೆಗಂಟ ನೋಡಿ. ಆಗ್ನಿಲ್ಲ ಅಂದ್ರೆ ಓದೊರ್ಸದ ಪಟ್ಟಿನೇ ಕಳ್ಸುಬುಡ್ತೀನಿ. ಕಟ್ಟೆಯೋರು ನಮ್ಗೋಸ್ಕರ ಕಾಯ್ಕಂಡು ಕುಂತ್ಕಳಲ್ಲ.’

ಹೋದ ವರ್ಷದ ಪಟ್ಟಿಯ ಒಂದು ಪ್ರತಿ ಗೋಡೆಗೆ ಅಂಟಿಸಿಯೇ ಇತ್ತು. ಅದರಲ್ಲಿ ಕೆಂಪಾಜಮ್ಮನ ಹೆಸರು ಮೂರನೇ ಸುತ್ತಿನ ತಳದಲ್ಲಿತ್ತು. ಅಂದರೆ ಫೆಬ್ರವರಿ. ಆಕೆಗೆ ಓದು ಬರುತ್ತಿರಲಿಲ್ಲ, ಆದರೆ ಆ ಪಟ್ಟಿ ಅಂದರೆ ಏನು ಎಂಬುದು ಚೆನ್ನಾಗಿ ಗೊತ್ತಿತ್ತು. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು.

‘ಒಂದ್ಸಲ ಆಫ್ ಮಾಡಿ ಆನ್ ಮಾಡಿ, ನಮ್ಮನೆ ಟೀವಿ ಅಂಗೇ ಸರ್ಯೋಗದು’ ಎಂದರು ಜವರಯ್ಯ.

‘ಬರೆಯೋ ಮಧ್ಯದಲ್ಲಿ ನಿಂತಿದೆ ಸಾರ್. ಸ್ವಿಚ್ ಕಿತ್ತರೆ ಬೆಳಗಿನಿಂದ ಬಂದಿರೋ ಇನ್ನೂರು ಹೆಸರೂ ಕೆಟ್ಟುಹೋಗಬಹುದು’ ಎಂದು ಎಗರಾಡಿದೆ. ಹೇಳಿದ್ದು ಸುಳ್ಳಲ್ಲ. ಆದರೆ ಟೀವಿಗೆ ನನ್ನ ಸರ್ವರನ್ನು ಹೋಲಿಸಿದರಲ್ಲ ಎಂಬ ಉರಿಯೂ ಅದರಲ್ಲಿತ್ತು.

ಮೊದಲು ಲಾಗಿನ ಜಾಗ ನೋಡಿದೆ. ಖಾಲಿ ಹೊಡೆಯುತ್ತಿತ್ತು. ಸದ್ಯ, ನನ್ನ ಲಾಗ್‌ರೊಟೇಟ್ ಸರಿಯಾಗಿದೆ, ತಪ್ಪು ಬೇರೆ ಕಡೆ ಎಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಡೇಟಾಬೇಸಿನ ಮೇಲೆ ಬಿದ್ದೆ. ಅದು ಮೂವತ್ತು ಎಂಬಿಯೂ ಇರಲಿಲ್ಲ. ಒಂದೊಂದೇ ಕೋಶ ತೆರೆದು ಕಣ್ಣಿಗೆ ಕಾಣುವ ಫೈಲುಗಳನ್ನೆಲ್ಲ ಕೂಡಿಸಿದರೆ ಡಿಸ್ಕಿನಲ್ಲಿ ಇನ್ನೂ ಎರಡೂವರೆ ಜಿಬಿ ಖಾಲಿ ಇರಬೇಕು. ಡಿಸ್ಕನ್ನೇ ಕೇಳಿದರೆ ಒಂದು ಚೂರೂ ಇಲ್ಲ ಎನ್ನುತ್ತದೆ. ಎರಡು ಲೆಕ್ಕಕ್ಕೂ ತಾಳಮೇಳವಿಲ್ಲ.

ಹಳೇ ಮೈಲು, ಅದು ಇದು ಬೇಡದ್ದು ಹುಡುಕಿ ನಾಲ್ಕು ಎಂಬಿ ಅಳಿಸಿದೆ. ಸರ್ವರಿಗೆ ಜೀವ ಬಂತು. ಬೂತುಗಳಿಂದ ಎಂಟು ಹತ್ತು ಹೆಸರು ಬಂದು ಬಿದ್ದವು. ಕೆಂಪಾಜಮ್ಮನ ಲೈಸೆನ್ಸ್ ನಂಬರು ಕೇಳಿದೆ. ಆಕೆ ಗಂಟು ಬಿಚ್ಚಿ, ಪ್ಲಾಸ್ಟಿಕ್ ಕವರಿನೊಳಗಿನ ಇನ್ನೊಂದು ಕವರಿನೊಳಗಿನ ಕಾರ್ಡು ತೆಗೆದುಕೊಡುವುದಕ್ಕೂ ಸರ್ವರು ಮತ್ತೆ ನಿಲ್ಲುವುದಕ್ಕೂ ಸರಿಹೋಯಿತು. ಇಪ್ಪತ್ತೇ ನಿಮಿಷ. ನಾಲ್ಕು ಎಂಬಿ ಮಾಯ.

ಯಾರೋ ತಿನ್ನುತ್ತಿದ್ದಾರೆ. ತಿನ್ನುವವರು ಕಾಣುತ್ತಿಲ್ಲ. ಗಂಟೆ ಮೂರೂಮುಕ್ಕಾಲು. ನನಗೆ ಅಳು ಬಂತು, ನಿಜವಾಗಿಯೂ ಬಂತು. ಜವರಯ್ಯನವರ ಎದುರು ಅಳಬಾರದೆಂದು ಕೀಬೋರ್ಡಿನ ಮೇಲಿನ ಧೂಳು ಊದುವವಳಂತೆ ಬಗ್ಗಿದೆ.

‘ಅಮ್ಮಾ ಪ್ರಮೀಳಾ’ ಎಂದರು ಗುರುಸ್ವಾಮಿ. ಇಷ್ಟು ಹೊತ್ತೂ ಅವರು ಮೂಲೆಯಲ್ಲಿ ಕನ್ನಡಕ ಒರೆಸುತ್ತಾ ಕೂತಿದ್ದರು. ‘ಜಾಗ ಯಾವಾಗಿಂದ ಕಮ್ಮಿ ಆಗ್ತಾ ಬಂತು ಅಂತ ಏನಾದ್ರೂ ದಾಖಲೆ ಇದೆಯಾ?’

‘ಇಲ್ಲ ಸಾರ್.’

‘ಇಲ್ಲ ಅನ್ಬೇಡ. ನಮ್ಮ ರಿಜಿಸ್ಟರ್ ಇದೆಯಲ್ಲ.’

‘ಅದರಲ್ಲಿ ಏನಿರತ್ತೆ ಸಾರ್, ಬರೀ ಸಾಲಿನ ಲೆಕ್ಕ!’ ಎಂದು ರೇಗಿದೆ. ಹಿರಿಯರು, ಹಾಗೆ ರೇಗಬಾರದಿತ್ತು. ಅವರು ಬೇಜಾರು ಮಾಡಿಕೊಳ್ಳದೆ ರಿಜಿಸ್ಟರನ್ನು ನನ್ನ ಮುಂದೆ ಬಿಡಿಸಿದರು.

ಜೂನ್ ತಿಂಗಳ ಸಾಲುಗಳು ಸರಿಯಾಗಿದ್ದವು. ಹದಿಮೂರು ಲಕ್ಷದ ಚಿಲ್ಲರೆ, ಹದಿನಾಲ್ಕು ಲಕ್ಷ, ಹನ್ನೆರಡೂವರೆ ಲಕ್ಷ. ಜುಲೈ ಕೊನೆಯ ಒಂದು ಶನಿವಾರದಿಂದ ಕೆಳಗೆ ಬರೀ ಸೊನ್ನೆ. ದುಂಡಗೆ, ಮುತ್ತಿನಂತೆ ಬರೆದ ಎಂಟು ಸೊನ್ನೆ. ಎಂಟರ ಪಕ್ಕದಲ್ಲೂ ನನ್ನ ಸಹಿ.

‘ಸಾರ್, ಸೊನ್ನೆ ಅಂತ ನನಗೆ ಯಾಕೆ ಹೇಳ್ಲಿಲ್ಲ?’

‘ಪರದೆ ಮೇಲೆ ಸೊನ್ನೆ ಇತ್ತು, ಸೊನ್ನೆ ಬರ್ದೆ. ನೀನು ನೋಡಿ ಸಹಿ ಹಾಕ್ದೆ. ಒಪ್ಪಿಗೆ ಇದೆ ಅಂದ್ಕೊಂಡೆ.’

ಲಕ್ಷಗಟ್ಟಲೆ ಸಾಲು ಬರುತ್ತಿದ್ದ ಹಾಜರಿ ಪುಸ್ತಕ ಎಂಟು ವಾರದಿಂದ ಖಾಲಿ. ಊರವರೆಲ್ಲ ದಿನಾ ಪುಟ ನೋಡುತ್ತಿದ್ದಾರೆ, ಒಬ್ಬರ ಹೆಸರೂ ಬರೆದಾಗಿಲ್ಲ. ಮೊದಲ ಸೊನ್ನೆಯ ಷರಾದಲ್ಲಿ ಗುರುಸ್ವಾಮಿಯವರು ಬರೆದಿದ್ದರು: ‘ಹೊಸ ಯುಪಿಎಸ್ ಬಂದು ನಿನ್ನೆಗೆ ಹತ್ತು ದಿನವಾಗಿದ್ದು, ಅಂದಿನಿಂದ ಸರ್ವರು ಒಮ್ಮೆಯೂ ನಿಂತಿರುವುದಿಲ್ಲ.’

‘ಹಳೇ ಪುಸ್ತಕ ಮುಚ್ಚಿ, ಸಿಡಿಗೆ ಹಾಕಿ, ಅಳಿಸ್ದೆ ಅಲ್ವಾ’ ಎಂದರು ಅವರು. ‘ಅಳಿಸೋಕ್ಕೆ ಮುಂಚೆ, ಅದರಲ್ಲಿ ಬರೀತಿದ್ದವನ ಕೈಯಿಂದ ಪುಸ್ತಕ ವಾಪಸ್ ತಗೊಂಡ್ಯಾ?’

‘ಅಂದ್ರೆ?’

‘ನಮ್ಮ ಕಚೇರೀಲಿ ಒಬ್ಬ ಗುಮಾಸ್ತ ಇದ್ದ. ಒಂದು ರಿಜಿಸ್ಟರು ಮುಗೀತು ಅಂತ ನಾವು ಸೂಚಿಯಿಂದ ಹೆಸರು ಹೊಡೆದು ಹಾಕಿದ್ವಿ. ಹೊಸ ರಿಜಿಸ್ಟರು ಮೇಜಿನ ಮೇಲೂ ಇಟ್ವಿ. ಅವನಿಗೆ ಯಾರೂ ಹೇಳ್ಲಿಲ್ಲ. ಹಳೇದು ಅವನ ತೊಡೆ ಮೇಲೇ ಇತ್ತು. ಅದರಲ್ಲೇ ಬರೀತಾ ಹೋದ. ಆರು ತಿಂಗಳು ಹೊಸದು ಖಾಲಿ, ಹಳೇದು ದಪ್ಪ. ಸೂಚಿ ನೋಡಿದ್ರೆ ಅಂಥಾ ಪುಸ್ತಕವೇ ಇಲ್ಲ. ಹೆಸರು ಹೊಡೆದ್ರೆ ಪುಸ್ತಕ ಹೋಗಲ್ಲಮ್ಮ. ಹಿಡ್ಕೊಂಡಿರೋನು ಕೈ ಬಿಡ್ಬೇಕು.’

ತಿನ್ನುತ್ತಿರುವವರು ಯಾರೆಂದು ಹೊಳೆಯಿತು. ಮುಂದಿನದು ಎರಡು ನಿಮಿಷದ ಕೆಲಸ. ಯಾವ ಪ್ರೋಗ್ರಾಮು ಯಾವ ಫೈಲನ್ನು ತೆರೆದು ಹಿಡಿದಿದೆ ಎಂದು ಹೇಳುವ ಒಂದು ಆಜ್ಞೆ ನಮ್ಮ ಸರ್ವರನ್ನು ನಡೆಸುವ ಲಿನಕ್ಸಿನಲ್ಲಿ ಇದೆ. ಅದನ್ನು ಕೊಟ್ಟು, ಅಳಿಸಿದ ಫೈಲುಗಳನ್ನು ಮಾತ್ರ ತೋರಿಸು ಎಂದೆ. ಬಂತು. ನಮ್ಮ ವೆಬ್ ಸರ್ವರು ಅಪಾಚೆ, ಎಂಟು ವಾರದ ಹಿಂದೆ ಗಂಟು ಕಟ್ಟಿ ಅಳಿಸಿದ ಲಾಗನ್ನೇ ಹಿಡಿದುಕೊಂಡು ಕೂತಿತ್ತು. ಪಕ್ಕದಲ್ಲಿ ‘ಅಳಿಸಲಾಗಿದೆ’ ಎಂಬ ಗುರುತು. ಗಾತ್ರ ಎರಡೂವರೆ ಜಿಬಿಗೂ ಮೇಲೆ.

ತಪ್ಪು ನನ್ನದೇ. ಲಾಗ್‌ರೊಟೇಟ್‌ಗೆ ಹೆಸರು ಬದಲಿಸು, ಹೊಸ ಖಾಲಿ ಫೈಲಿಡು, ಹಳೆಯದನ್ನು ಅದುಮಿ ಗಂಟು ಕಟ್ಟು ಎಂದೆಲ್ಲ ಹೇಳಿದ್ದೆ. ಅದುಮುವಾಗ ಗಂಟಿನ ಫೈಲು ಬೇರೆಯಾಗಿ ಹುಟ್ಟುತ್ತದೆ, ಮೂಲ ಫೈಲು ಅಳಿಯುತ್ತದೆ. ಇದೆಲ್ಲ ಆದ ಮೇಲೆ ಅಪಾಚೆಗೆ ‘ಹಳೇದು ಬಿಡು, ಹೊಸದು ತೆರೆ’ ಎಂದು ಸುದ್ದಿ ಮುಟ್ಟಿಸುವ ಎರಡು ಸಾಲನ್ನು ಮಾತ್ರ ಬರೆದಿರಲಿಲ್ಲ. ಹೆಸರು ಬದಲಾದರೂ ಅಳಿದರೂ ಅಪಾಚೆಗೆ ಅದು ಗೊತ್ತಾಗುವುದಿಲ್ಲ. ಅದು ಹಿಡಿದಿರುವುದು ಫೈಲನ್ನು, ಹೆಸರನ್ನಲ್ಲ. ಹಿಡಿದಿರುವ ತನಕ ಆ ಫೈಲು ಡಿಸ್ಕಿನ ಜಾಗ ಬಿಟ್ಟುಕೊಡುವುದಿಲ್ಲ. ಕಣ್ಣಿಗೆ ಕಾಣುವ ಹೊಸ ಫೈಲು ಖಾಲಿಯೇ ಉಳಿಯುತ್ತದೆ. ಖಾಲಿ ಫೈಲನ್ನು ಗಂಟು ಕಟ್ಟಬೇಡ ಎಂದು ನಾನೇ ಹೇಳಿದ್ದರಿಂದ ಮುಂದಿನ ವಾರಗಳಲ್ಲಿ ಗಂಟೂ ಹುಟ್ಟಲಿಲ್ಲ.

ಹಾಗಾದರೆ ಯುಪಿಎಸ್‌ಗೆ ಮುಂಚೆ ಹೇಗೆ ನಡೆಯಿತು? ಅದೇ ತಮಾಷೆ. ದಿನಕ್ಕೊಮ್ಮೆ ಕರೆಂಟು ಹೋಗಿ ಸರ್ವರು ಸಾಯುತ್ತಿತ್ತಲ್ಲ, ಆಗ ಅಪಾಚೆಯ ಕೈ ತಾನಾಗಿ ಸಡಿಲುತ್ತಿತ್ತು. ಎದ್ದ ಮೇಲೆ ಹೊಸ ಫೈಲು ತೆರೆಯುತ್ತಿತ್ತು. ನಾನು ಬೈದುಕೊಂಡು ತಿರುಗುತ್ತಿದ್ದ ಪವರ್ ಕಟ್ಟೇ ನನ್ನ ತಪ್ಪನ್ನು ಮುಚ್ಚಿಟ್ಟು ಕಾಪಾಡುತ್ತಿತ್ತು. ಈ ಸೆಟ್ಟಿಂಗನ್ನು ಪರೀಕ್ಷೆ ಮಾಡಿದ ದಿನವೂ ಕರೆಂಟು ಹೋಗಿ ಬಂದಿತ್ತು, ಎಲ್ಲ ಸರಿಯಾಗಿ ಕಂಡಿತ್ತು. ಊದುಬತ್ತಿ ಬೆಳಗಬೇಕಾಗಿದ್ದು ಯುಪಿಎಸ್‌ಗಲ್ಲ, ಲೈನ್‌ಮ್ಯಾನ್‌ಗೆ.

ಸರ್ವರನ್ನು ಆಫ್ ಮಾಡಲಿಲ್ಲ. ಅಪಾಚೆಯೊಂದನ್ನೇ ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಡಿಸ್ಕು ನೋಡಿದೆ. ನೂರು ಇದ್ದದ್ದು ಮೂವತ್ತೆಂಟಕ್ಕೆ ಇಳಿದಿತ್ತು. ಜಾಗಕ್ಕಾಗಿ ಕಾಯುತ್ತಿದ್ದ ಡೇಟಾಬೇಸು ನಿಮಿಷದೊಳಗೆ ಎದ್ದಿತು. ಬೆಳಗಿನಿಂದ ಬಂದ ಹೆಸರುಗಳನ್ನು ಎಣಿಸಿದೆ, ಒಂದೂ ಕೆಟ್ಟಿರಲಿಲ್ಲ. ಖಾಲಿ ಬಿದ್ದಿದ್ದ ಲಾಗಿನಲ್ಲಿ ಸಾಲುಗಳು ಸರಸರ ಓಡತೊಡಗಿದವು. ಹೋದ ಜೀವ ಬಂತು ಅನ್ನುತ್ತಾರಲ್ಲ, ಹಾಗಾಯಿತು. ಈ ಸಲ ಅತ್ತೇ ಬಿಟ್ಟೆ. ಯಾರು ನೋಡಿದರೆ ನನಗೇನು?

‘ಯಾಕವ್ವ ಅಳ್ತಿದ್ದೀಯೆ? ಓಯ್ತಾ ಎಲ್ಲಾ?’ ಎಂದು ಕೆಂಪಾಜಮ್ಮ ಗಾಬರಿಯಾಗಿ ಎದ್ದರು.

‘ಇಲ್ಲಮ್ಮ, ಬಂತು. ಕಾರ್ಡ್ ಕೊಡಿ.’

ಬೂತುಗಳಿಗೆಲ್ಲ ಫೋನು ಮಾಡಿ, ಮತ್ತೆ ಹಾಕಿ ಎಂದೆ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕೆಂಪಾಜಮ್ಮ, ಹದಿನಾಲ್ಕು ಬೇಲು, ಮೊದಲ ಸುತ್ತು ಎಂದು ದಾಖಲಾಯಿತು. ಆಕೆ ಪರದೆಯ ಮೇಲೆ ತಮ್ಮ ಹೆಸರು ಎಲ್ಲಿದೆ ಎಂದು ಕೇಳಿ, ನಾನು ತೋರಿಸಿದ ಕಡೆ ಬೆರಳಿಟ್ಟು, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು.

ನಾಲ್ಕೂವರೆಗೆ ಹೋದ ವರ್ಷದ ಪಟ್ಟಿಯ ಜೆರಾಕ್ಸು ಮಾಡಿಸಲು ಹೋಗಿ ವಾಪಸ್ ಬಂದ ಜವರಯ್ಯನವರ ಕೈಗೆ ಗುರುಸ್ವಾಮಿಯವರು ಹೊಸ ಪಟ್ಟಿಯನ್ನು ಕೊಟ್ಟರು. ಇನ್ನೂ ಪ್ರಿಂಟರಿನ ಬಿಸಿ ಆರಿರಲಿಲ್ಲ.

‘ಅಧ್ಯಕ್ಷರೇ, ತಮ್ಮ ಬುಲೆಟ್‌ನಲ್ಲೇ ಹೋದ್ರೆ ಐದು ನಿಮಿಷ. ಬೇರೆ ಯಾರನ್ನಾದ್ರೂ ಕಳಿಸಿದ್ರೆ ತಡವಾಗತ್ತೆ.’

ಜವರಯ್ಯ ಪಟ್ಟಿ ನೋಡಿದರು, ನನ್ನನ್ನು ನೋಡಿದರು, ಜೆರಾಕ್ಸನ್ನು ಮಡಚಿ ಜೇಬಿಗಿಟ್ಟರು. ‘ನಾನೇಳ್ನಿಲ್ವಾ, ಆಫ್ ಮಾಡಿ ಆನ್ ಮಾಡಿ ಅಂತ? ಅದ್ನೇ ತಾನೇ ಮಾಡಿದ್ದು ನೀವೂ?’

ಒಂದು ಲೆಕ್ಕದಲ್ಲಿ ಅವರು ಹೇಳಿದ್ದೂ ಸರಿಯೇ. ಸ್ವಿಚ್ಚು ಕಿತ್ತಿದ್ದರೂ ಜಾಗ ಬರುತ್ತಿತ್ತು. ಕಾಯಿಲೆ ಮಾತ್ರ ಒಳಗೇ ಉಳಿದು, ಎಂಟು ವಾರ ಬಿಟ್ಟು ಇನ್ನೊಂದು ಕೊನೆಯ ದಿನಕ್ಕೆ ವಾಪಸ್ ಬರುತ್ತಿತ್ತು. ಇದನ್ನು ಅವರಿಗೆ ವಿವರಿಸಲು ಬಾಯಿ ತೆರೆದೆ. ಗುರುಸ್ವಾಮಿಯವರು ಕಣ್ಣಲ್ಲೇ ಬೇಡ ಎಂದರು. ಬುಲೆಟ್ಟು ಹರಾಜು ಕಟ್ಟೆಯ ಕಡೆ ಗುಡುಗುಡು ಹೋಯಿತು. ಐದಕ್ಕೆ ಎಂಟು ನಿಮಿಷವಿದ್ದಾಗ, ಪಟ್ಟಿ ತಲುಪಿತು ಎಂದು ಕಟ್ಟೆಯಿಂದ ಫೋನು ಬಂತು.

ಅಂದು ನಾನು ಐದೂವರೆಯ ಬಸ್ಸಿಗೆ ಓಡಲಿಲ್ಲ. ಗುರುಸ್ವಾಮಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೆಟ್ಟಿಂಗನ್ನು ಹೊಸದಾಗಿ ಬರೆದೆ. ಹೆಸರು ಬದಲಿಸಿದ ಮೇಲೆ ಅಪಾಚೆಗೆ ಸುದ್ದಿ ಮುಟ್ಟಿಸುವ ಸಾಲನ್ನು ಎಲ್ಲಕ್ಕಿಂತ ಮೊದಲು ಹಾಕಿದೆ. ಸುದ್ದಿ ಮುಟ್ಟಿದರೂ ಕೈಯಲ್ಲಿರುವ ಕೆಲಸ ಮುಗಿಸುವ ತನಕ ಅದು ಹಳೆಯದರಲ್ಲೇ ನಾಲ್ಕಕ್ಷರ ಬರೆಯಬಹುದು. ಹಾಗಾಗಿ ಇಂದು ಬದಲಿಸಿದ್ದನ್ನು ಇಂದೇ ಅದುಮಬೇಡ, ಮುಂದಿನ ಸರದಿಯಲ್ಲಿ ಅದುಮು ಎಂದೆ. ವಾರಕ್ಕೊಮ್ಮೆ ಇದ್ದದ್ದನ್ನು ದಿನಕ್ಕೊಮ್ಮೆ ಮಾಡಿದೆ. ಎರಡು ಸೆಕೆಂಡಿನ ಜಾಣತನವನ್ನು ಎರಡು ನಿಮಿಷಕ್ಕೆ ಏರಿಸಿದೆ.

‘ಎಷ್ಟು ಇಟ್ಕೊಳ್ಳೋಣ ಸಾರ್?’ ಎಂದು ಹೆದರುತ್ತಲೇ ಕೇಳಿದೆ.

ಗುರುಸ್ವಾಮಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನಮ್ಮಲ್ಲಿ ಎಲ್ಲ ಕಡತವೂ ಶಾಶ್ವತ ಅಲ್ಲಮ್ಮ. ಕೆಲವು ಯಾವಾಗಲೂ ಇರ್ಬೇಕು, ಕೆಲವು ಹತ್ತು ವರ್ಷ, ಕೆಲವು ಒಂದೇ ವರ್ಷ. ದರ್ಜೆ ಇರತ್ತೆ. ಇದು ಬಂದುಹೋದವರ ಹಾಜರಿ. ಅದರಲ್ಲೂ ಮುಕ್ಕಾಲು ಪಾಲು ಯಂತ್ರವೇ ಯಂತ್ರವನ್ನ ಮಾತಾಡಿಸಿದ್ದು. ಕೊನೇ ದರ್ಜೆ. ಮೂವತ್ತು ದಿನ ಸಾಕು.’

‘ಮೂವತ್ತೊಂದನೇ ದಿನ ಅಳಿಸ್ಬಹುದಾ?’

‘ಆದೇಶ ಬರ್ಕೊಡ್ತೀನಿ.’ ನಿಜವಾಗಿಯೂ ಬಿಳಿ ಹಾಳೆಯಲ್ಲಿ ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಟ್ಟರು. ನನ್ನ ಸಿಡಿಯ ಜೀತ ಅಲ್ಲಿಗೆ ಮುಗಿಯಿತು.

ಬರೆದದ್ದನ್ನು ಈ ಸಲ ಕರೆಂಟಿನ ನಂಬಿಕೆಗೆ ಬಿಡಲಿಲ್ಲ. ಲಾಗ್‌ರೊಟೇಟ್ ಏನು ಮಾಡಲಿದೆ ಎಂದು ಮೊದಲು ಏನೂ ಮಾಡಿಸದೆ ಬರೀ ಬಾಯಲ್ಲಿ ಹೇಳಿಸಿದೆ. ಆಮೇಲೆ ಬಲವಂತವಾಗಿ ಒಂದು ಸಲ ಓಡಿಸಿದೆ. ಹಳೆಯ ಫೈಲು ಬೆಳೆಯುವುದು ನಿಂತಿತು, ಹೊಸದು ಬೆಳೆಯತೊಡಗಿತು. ಅಳಿಸಿದ ಫೈಲನ್ನು ಯಾರಾದರೂ ಹಿಡಿದಿದ್ದಾರೆಯೇ ಎಂದು ಕೇಳಿದರೆ ಯಾರೂ ಇಲ್ಲ ಎಂದಿತು. ಗುರುಸ್ವಾಮಿಯವರು ಅದನ್ನೂ ಬರೆದುಕೊಂಡರು. ರಿಜಿಸ್ಟರಿನಲ್ಲಿ ಡಿಸ್ಕಿನ ಖಾಲಿ ಜಾಗಕ್ಕೆಂದು ಇನ್ನೊಂದು ಅಂಕಣವನ್ನು ನಾನೇ ಸ್ಕೇಲಿಟ್ಟು ಗೆರೆ ಎಳೆದು ಮಾಡಿಕೊಟ್ಟೆ.

ಆಮೇಲೆ ಆ ಯಂತ್ರ ತುಂಬಿದ್ದಿಲ್ಲ. ಮೊದಲ ಸುತ್ತಿನ ಮೂರನೇ ದಿನ ಕೆಂಪಾಜಮ್ಮನ ಹದಿನಾಲ್ಕು ಬೇಲು ಟೆಂಪೋದಲ್ಲಿ ಸಂಘದ ಮುಂದೆಯೇ ಹಾದುಹೋದವು. ಆಕೆ ಬೇಲುಗಳ ಮೇಲೆ ಕೂತು ನಮ್ಮ ಕಡೆ ಕೈ ಬೀಸಿದರು.

ಅಕ್ಟೋಬರಿನ ಒಂದು ಶನಿವಾರ ಸಂಜೆ ಐದಕ್ಕೆ ಆಕೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಸಕ್ಕರೆ ಪೊಟ್ಟಣ. ‘ಎಣ್ಮಗ ಕಣವ್ವ. ಮೂರು ದಿನ ಆಯ್ತು. ಸುಣ್ಣ ಬಳ್ದು ಸಾರ್ಸಿ, ಕ್ವಾಣೆ ಗಮ್ ಅಂತದೆ. ಅವ್ವ ಮಗ ಇಬ್ರೂವೆ ಬೆಚ್ಚಗ್ ಮಲ್ಗವ್ರೆ.’ ನನ್ನ ಬಾಯಿಗೂ ಗುರುಸ್ವಾಮಿಯವರ ಬಾಯಿಗೂ ಒಂದೊಂದು ಹಿಡಿ ಸಕ್ಕರೆ ತುಂಬಿಸಿ, ಕೂತ ಜಾಗ ಬಿಸಿಯಾಗುವ ಮುಂಚೆ ಎದ್ದು ಹೋದರು. ಮನೆಯಲ್ಲಿ ಬಾಣಂತಿ ಇದ್ದಳಲ್ಲ.

ಗುರುಸ್ವಾಮಿಯವರು ಬಾಯಿ ಚಪ್ಪರಿಸುತ್ತಾ ರಿಜಿಸ್ಟರು ತಂದು ಬೆರಳಿಟ್ಟರು. ಐದೂ ಇಪ್ಪತ್ತಾಗಿತ್ತು. ನಾನು ಚೀಲ ಕೆಳಗಿಟ್ಟು, ಕೂತು, ಆ ಸಾಲನ್ನು ಮೊದಲಿನಿಂದ ಓದಿದೆ. ತಾರೀಖು ಸರಿ. ಸಾಲಿನ ಸಂಖ್ಯೆ ಸರಿ. ಡಿಸ್ಕಿನಲ್ಲಿ ಖಾಲಿ ಜಾಗ, ನೂರಕ್ಕೆ ಅರವತ್ತು. ಷರಾದಲ್ಲಿ ಮುತ್ತಿನಂಥ ಅಕ್ಷರ: ‘ಕೆಂಪಾಜಮ್ಮನವರ ಮಗಳಿಗೆ ಹೆಣ್ಣು ಮಗು. ಕೋಣೆ ಖಾಲಿ ಇತ್ತು.’

ಸಹಿ ಹಾಕಿದೆ. ಬಸ್ಸು ತಪ್ಪಿತು.